ಪತ್ರಿಕೆ ಅಂದರೆ ಯಾವ ಪತ್ರಿಕೆ

ಲಕ್ಷ್ಮೀಪತಿ ಈ ಏಪ್ರಿಲ್ ಮೊದಲ ವಾರ ಬೀರೂರಿನ ಬಾಡಿಗೆ ಮನೆಯಲ್ಲಿ ತೀರಿಕೊಂಡ. ಬೆಳಗಿನ ಕಾಫಿಗೆಂದು ಹಾಲನ್ನು ಒಲೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಹಾಲು ಸೀದ ವಾಸನೆಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಐವತ್ತೇಳು ವರ್ಷ. ಇತಿಹಾಸದ ಉಪನ್ಯಾಸಕನಾಗಿ ಅಜ್ಜಂಪುರದಲ್ಲಿ ಹತ್ತು ವರ್ಷ, ತರೀಕೆರೆಯಲ್ಲಿ ಹನ್ನೆರಡು ವರ್ಷ, ಕೊನೆಗೆ ಕಡೂರಿನಲ್ಲಿ. ತಾಲ್ಲೂಕಿನ ಸುದ್ದಿಯ ಪುಟದಲ್ಲಿ ನಾಲ್ಕು ಸಾಲು ಬಂತು. ವಿದ್ಯಾರ್ಥಿಗಳನ್ನು ನಗಿಸುತ್ತ ಪಾಠ ಮಾಡುತ್ತಿದ್ದ ಜನಪ್ರಿಯ ಉಪನ್ಯಾಸಕರು ಎಂದು ಅದರಲ್ಲಿತ್ತು.

ಸುಳ್ಳಲ್ಲ. ಆದರೆ ಆ ನಗಿಸುವಿಕೆಯೇ ಅವನನ್ನು ಕಡೆಯ ವರ್ಷ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ಆ ನಾಲ್ಕು ಸಾಲಿನಲ್ಲಿ ಹಿಡಿಸುವಂಥದ್ದಲ್ಲ.

ಹೆಂಡತಿ ರಂಗನಾಯಕಿ ಹೋಗಿ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಆಕೆಯ ಕಣ್ಣು ಮಂಜಾದ ಮೇಲೆ ಲಕ್ಷ್ಮೀಪತಿ ದಿನಾ ಸಂಜೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಆಕೆಗೆ ಗಟ್ಟಿಯಾಗಿ ಓದುತ್ತಿದ್ದ. ಅಡಿಕೆಯ ಧಾರಣೆ, ಬೀರೂರಿನ ರೈಲು ತಡವಾದದ್ದು, ಯಾವುದೋ ಊರಿನ ಜಗಳ, ಏನನ್ನೂ ಬಿಡುತ್ತಿರಲಿಲ್ಲ. ಆಕೆ ನಡುನಡುವೆ "ಅದೇನಂದ್ರಿ, ಇನ್ನೊಂದ್ಸಲ" ಎನ್ನುತ್ತಿದ್ದಳು. ಆಕೆ ಹೋದ ಮೇಲೆ ಪೇಪರ್ ಹಾಕುವ ಹುಡುಗನಿಗೆ ನಾಳೆಯಿಂದ ಬೇಡ ಎಂದ. ಮನೆಯಲ್ಲಿ ಒಬ್ಬನೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುವುದು ಅವನಿಗೆ ಆಗಲಿಲ್ಲ. ಮಾತೆಲ್ಲ ಕಾಲೇಜಿಗೆ ಹೋಯಿತು. ಮನೆಯಲ್ಲಿ ಆಡದ ಮಾತನ್ನು ಅಲ್ಲಿ ಆಡುತ್ತಿದ್ದ, ಹುಡುಗರು ನಕ್ಕರೆ ಇನ್ನೂ ಒಂದಿಷ್ಟು ಆಡುತ್ತಿದ್ದ.

ಭಾನುವಾರಗಳು ಅವನಿಗೆ ಕಷ್ಟವಾಗುತ್ತಿದ್ದವು. ಅದಕ್ಕೇ ಪ್ರಾಂಶುಪಾಲರನ್ನು ಕೇಳಿ, ಇತಿಹಾಸದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದವರಿಗೆ ಭಾನುವಾರ ಬೆಳಿಗ್ಗೆ ಪುಕ್ಕಟೆ ಪಾಠ ಶುರು ಮಾಡಿದ. ಸುತ್ತಲಿನ ಹಳ್ಳಿಗಳಿಂದ ಹದಿನೈದಿಪ್ಪತ್ತು ಹುಡುಗರು ಬರುತ್ತಿದ್ದರು. ಅವರ ನಡುವೆ ಯಗಟಿಯ ಅಂಜಿನಮ್ಮ ಒಬ್ಬಳು. ನಲವತ್ನಾಲ್ಕು ವರ್ಷ. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಟೀಚರ್ ಹುದ್ದೆ ಖಾಲಿಯಾಗಿತ್ತು. ಪಿಯುಸಿ ಆಗಿದ್ದರೆ ಅದಕ್ಕೆ ಅರ್ಜಿ ಹಾಕಬಹುದಿತ್ತು. ಉಳಿದೆಲ್ಲ ವಿಷಯ ಹೇಗೋ ದಾಟಿ, ಇತಿಹಾಸದಲ್ಲಿ ಎರಡು ಸಲ ಬಿದ್ದಿದ್ದಳು. ಇದೊಂದು ದಾಟಿದರೆ ಮುಗಿಯಿತು. ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತು, ಹೇಳಿದ್ದನ್ನೆಲ್ಲ ಗುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಹುಡುಗರು ಅವಳನ್ನು ಆಂಟಿ ಎನ್ನುತ್ತಿದ್ದರು. ಬಾಯಿ ಬಿಟ್ಟು ಅವಳು ಏನನ್ನಾದರೂ ಕೇಳಿದ್ದನ್ನು ಲಕ್ಷ್ಮೀಪತಿ ಕಂಡಿರಲಿಲ್ಲ.

ಫೆಬ್ರವರಿ ಮೊದಲ ಭಾನುವಾರ ಅವನು ಒಂದು ಪರೀಕ್ಷೆ ಇಟ್ಟ. ಐದು ಅಂಕದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: "ಮುದ್ರಣ ಮತ್ತು ಪತ್ರಿಕೆಗಳು ಸುಧಾರಣೆಯ ವಿಚಾರಗಳನ್ನು ಹರಡಿದ ಬಗೆಯನ್ನು ವಿವರಿಸಿ." ಇದಕ್ಕೆ ಉತ್ತರ ಗೈಡಿನಲ್ಲಿ ಐದು ಅಂಶಗಳಲ್ಲಿದೆ. ಅಚ್ಚಿನಿಂದ ಪುಸ್ತಕ ಅಗ್ಗವಾದದ್ದು, ದೇಶಭಾಷೆಗಳಲ್ಲಿ ಬರೆದದ್ದು, ಸತಿ, ಬಾಲ್ಯವಿವಾಹ, ವಿಧವಾ ವಿವಾಹಗಳ ಚರ್ಚೆ, ಹೆಂಗಸರ ಪತ್ರಿಕೆಗಳು, ಬ್ರಿಟಿಷರು ಹೆದರಿ ೧೮೭೮ರಲ್ಲಿ ತಂದ ದೇಶಭಾಷಾ ಪತ್ರಿಕಾ ಕಾಯ್ದೆ. ಅವನು ಮೂವತ್ತು ವರ್ಷದಿಂದ ಅದನ್ನೇ ಬರೆಸುತ್ತಿದ್ದ.

ಮುಂದಿನ ಭಾನುವಾರ ತಿದ್ದಿದ ಉತ್ತರಗಳನ್ನು ಹಿಡಿದು ಬಂದವನು, ಮೊದಲೇ ನಗುತ್ತ ಒಂದನ್ನು ಮೇಲೆತ್ತಿದ.

"ಇಲ್ಲೊಬ್ರು ಹೊಸ ಇತಿಹಾಸ ಬರ್ದಿದಾರೆ ಕಣ್ರಯ್ಯ. ಕೇಳಿ," ಎಂದು ಓದತೊಡಗಿದ.

"ಪತ್ರಿಕೆಗಳು ಸುಧಾರಣೆಯನ್ನು ಹರಡಿದವು. ಮೊದಲು ಪತ್ರಿಕೆಯಲ್ಲಿ ಗಂಡಸರ ಹೆಸರೇ ಇರುತ್ತಿತ್ತು. ತಂದೆ ತೀರಿದ್ದರೆ ದೊಡ್ಡಪ್ಪ ದೊಡ್ಡಮ್ಮನ ಹೆಸರು ಹಾಕುತ್ತಿದ್ದರು. ವಿಧವೆಯಾದ ತಾಯಿಯ ಹೆಸರು ಹಾಕುತ್ತಿರಲಿಲ್ಲ. ಅಪಶಕುನ ಎನ್ನುತ್ತಿದ್ದರು. ಒಬ್ಬ ತಾಯಿ ಮಗಳ ಮದುವೆಯ ಪತ್ರಿಕೆಯಲ್ಲಿ ತನ್ನ ಹೆಸರು ಸೇರಿಸಿದಳು. ಅದು ನೂರಾರು ಮನೆಗೆ ಹೋಯಿತು. ಪ್ರೆಸ್ಸಿನ ಮಾದರಿ ಫೈಲಿನಲ್ಲಿ ಅದನ್ನು ಅಂಟಿಸಿದರು. ಪತ್ರಿಕೆ ಮಾಡಿಸಲು ಬಂದವರು ಅದನ್ನು ನೋಡಿ ಹೀಗೂ ಹಾಕಬಹುದೇ ಎಂದು ಕೇಳಿದರು. ಹೀಗೆ ಹರಡಿತು..."

ಮುಂದೆ ಓದಲು ಆಗಲಿಲ್ಲ. ಹುಡುಗರು ಬೆಂಚು ಗುದ್ದುತ್ತಿದ್ದರು.

"ಲಗ್ನಪತ್ರಿಕೆ ಸಾ!" ಎಂದ ಯಗಟಿ ಕಡೆಯ ಹಾಲೇಶ. "ಬ್ರಿಟಿಷರು ಲಗ್ನಪತ್ರಿಕೆಗೆ ಹೆದ್ರಿ ಓಡೋದ್ರು!"

"ಊಟಕ್ಕೆ ಕರ್ದಿದ್ರೆ ಉಳ್ಕೋತಿದ್ರೇನೋ ಕಣೋ," ಎಂದ ಲಕ್ಷ್ಮೀಪತಿ. ನಗು ಇನ್ನೊಂದು ಸುತ್ತು ಎದ್ದಿತು. ಹೆಸರು ಹೇಳಿರಲಿಲ್ಲ. ಆದರೆ ಉತ್ತರ ಹಂಚುವಾಗ ಆ ಹಾಳೆ ಯಾವ ಬೆಂಚಿಗೆ ಹೋಯಿತೆಂದು ಎಲ್ಲರೂ ತಿರುಗಿ ನೋಡಿದರು. ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ. ಪಕ್ಕದಲ್ಲಿ, "ಪ್ರಶ್ನೆ ಅರ್ಥಮಾಡಿಕೊಂಡು ಬರೆಯಿರಿ."

ಅಂಜಿನಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ಅಂಚಿಗೆ ಅಂಚು ಸರಿಯಾಗಿ ಕೂಡಿಸಿ, ಹೆಬ್ಬೆರಳ ಉಗುರಿನಿಂದ ಗೆರೆ ಎಳೆದು ಮಡಿಚಿದ್ದನ್ನು ಲಕ್ಷ್ಮೀಪತಿ ಗಮನಿಸಿದ. ನಿತ್ಯ ಮಡಿಚುವವರ ಕೈ ಅದು. ಏನೋ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಪಾಠ ಮುಂದುವರಿಯಿತು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪರೀಕ್ಷೆಗೆ ಮೂರು ವಾರವೂ ಉಳಿದಿರಲಿಲ್ಲ. ಹಾಲೇಶನನ್ನು ಕೇಳಿದ.

"ಅವ್ರು ಬರಲ್ವಂತೆ ಸಾ," ಎಂದ ಹಾಲೇಶ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. "ಪರೀಕ್ಷೆನೂ ಬರೆಯಲ್ವಂತೆ. ನಮ್ಮವ್ವ ಕೇಳುದ್ರೆ, ನಂಗೆ ಪ್ರಶ್ನೆನೇ ಅರ್ಥ ಆಗಲ್ಲ ಅಂತ ಬರ್ದವ್ರೆ ಕಣಕ್ಕ, ಇನ್ನು ಉತ್ರ ಎಲ್ಲಿಂದ ಬರೀಲಿ ಅಂದ್ರಂತೆ."

ಲಕ್ಷ್ಮೀಪತಿ ಅಂದು ಬೀರೂರಿಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತ. ಮನೆಗೆ ಬಂದು ಬೀಗ ತೆಗೆದ. ಚಪ್ಪಲಿ ಬಿಟ್ಟ. ರಂಗನಾಯಕಿ ಇದ್ದಿದ್ದರೆ, ಇವತ್ತೇನಾಯ್ತು ಎಂದು ಕೇಳುತ್ತಿದ್ದಳು. ಅವನು ಲಗ್ನಪತ್ರಿಕೆಯ ಕಥೆಯನ್ನು ನಗುತ್ತಲೇ ಹೇಳುತ್ತಿದ್ದ. ಅವಳು ನಗುತ್ತಿದ್ದಳೇ? ಅದನ್ನೇ ಯೋಚಿಸುತ್ತ ಬಹಳ ಹೊತ್ತು ಕೂತ. ನಗುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. "ಅದೇನಂದ್ರಿ, ಇನ್ನೊಂದ್ಸಲ," ಎನ್ನುತ್ತಿದ್ದಳು. ಇನ್ನೊಂದು ಸಲ ಹೇಳುವಾಗ ನಗು ತಾನಾಗಿ ಬಿದ್ದುಹೋಗುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಅಂಜಿನಮ್ಮನ ಊರಿನಲ್ಲಿ ಸುದ್ದಿ ಬರುವುದಕ್ಕೆ ಪೇಪರ್ ಎನ್ನುತ್ತಾರೆ. ಪೇಪರ್ ಬಂತಾ, ಪೇಪರಲ್ಲಿ ಏನೈತೆ. ಪತ್ರಿಕೆ ಎಂದರೆ ಒಂದೇ. ಅರಿಸಿನ ಕುಂಕುಮ ಹಚ್ಚಿ ಮನೆಮನೆಗೆ ಕೊಡುವುದು. ಪತ್ರಿಕೆ ಹಂಚೋಕೆ ಬಂದಿದ್ವಿ ಎಂದರೆ ಯಾರೂ ಯಾವ ಪತ್ರಿಕೆ ಎಂದು ಕೇಳುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನು ಒಂದು ಸಲವೂ ಮಕ್ಕಳಿಗೆ ಪತ್ರಿಕೆ ಅಂದರೆ ಪೇಪರ್ ಕಣ್ರಪ್ಪ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಮಾತೆಂದು ತೋಚಿರಲೇ ಇಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಯಗಟಿಯ ಬಸ್ಸು ಹತ್ತಿದ.

ಅಂಗನವಾಡಿಯ ಮಕ್ಕಳು ಮನೆಗೆ ಹೋಗಿದ್ದರು. ಅಂಜಿನಮ್ಮ ಸಾರಿನ ಪಾತ್ರೆಯನ್ನು ಜಗುಲಿಯ ಪಕ್ಕ ಉಜ್ಜುತ್ತಿದ್ದವಳು, ಅವನನ್ನು ಕಂಡು ಕೈ ತೊಳೆದು ಎದ್ದು ನಿಂತಳು. ಒಳಗಿಂದ ಕುರ್ಚಿ ತಂದಳು. ಮಕ್ಕಳ ಕುರ್ಚಿ, ಮೊಳಕಾಲುದ್ದ. ಲಕ್ಷ್ಮೀಪತಿ ಅದರ ಮೇಲೆ ಕೂತ.

"ಏನ್ಸಾ, ಇಷ್ಟು ದೂರ?"

"ಅಂಜಿನಮ್ಮ, ನೀವು ಕ್ಲಾಸಿಗೆ ಬರ್ಬೇಕು. ಪರೀಕ್ಷೆ ಬರೀಬೇಕು. ತಪ್ಪು ನಂದು."

"ತಪ್ಪು ನಂದೇ ಸಾ. ಪ್ರಶ್ನೆ ಬೇರೆ, ನಾ ಬರೆದದ್ದೇ ಬೇರೆ. ಮನೇಗೆ ಬಂದು ಗೈಡ್ ತೆಗ್ದು ನೋಡ್ದೆ. ಪತ್ರಿಕೆ ಅಂದ್ರೆ ಪೇಪರ್ರಂತೆ." ಅವಳು ಪಾತ್ರೆಯ ಕಡೆ ನೋಡಿದಳು. "ಅಷ್ಟೂ ಗೊತ್ತಿಲ್ದೆ ಟೀಚರ್ ಆಗ್ತೀನಿ ಅಂತ ಹೊಂಟಿದ್ದೆ."

"ಗೊತ್ತಿಲ್ಲದ್ದು ನನಗೆ. ನಿಮಗೆ ಪತ್ರಿಕೆ ಅಂದ್ರೆ ಏನು ಅಂತ ನಾನು ಕೇಳ್ಬೇಕಿತ್ತು."

ಲಕ್ಷ್ಮೀಪತಿ ಕೈಯಲ್ಲಿದ್ದ ನೋಟ್ಸಿನ ಹಾಳೆ ಬಿಡಿಸಿ, ಬಂದ ಕೆಲಸ ಮಾಡಿಬಿಡೋಣವೆಂದು ಐದು ಅಂಶಗಳನ್ನು ಓದತೊಡಗಿದ. ಅಚ್ಚಿನಿಂದ ಒಂದೇ ಬರಹದ ನೂರಾರು ಪ್ರತಿಗಳು ಅಗ್ಗವಾಗಿ ದೊರೆತವು. ಸುಧಾರಕರು ಪತ್ರಿಕೆಗಳ ಮೂಲಕ ಜನರಲ್ಲಿ ಜಾಗೃತಿ ಮೂಡಿಸಿದರು. ಎರಡನೆಯ ಅಂಶ ಮುಗಿಯುವಷ್ಟರಲ್ಲಿ ಅಂಜಿನಮ್ಮ ತಡೆದಳು.

"ಒಂದ್ ಕೇಳ್ಲಾ ಸಾ? ಆಗಿನ್ ಕಾಲ್ದಲ್ಲಿ ಓದು ಬರೋರು ಎಷ್ಟ್ ಜನ ಇದ್ರು?"

"ಮೈಸೂರು ಸೀಮೇಲಿ, ಒಂದು ನೂರಿಪ್ಪತ್ತು ವರ್ಷದ ಹಿಂದೆ, ನೂರಕ್ಕೆ ಐದು ಜನ. ಹೆಂಗಸರು ನೂರಕ್ಕೆ ಒಬ್ರೂ ಇಲ್ಲ."

"ಮತ್ತೆ ಜನ್ರಲ್ಲಿ ಜಾಗೃತಿ ಹೆಂಗ್ ಮೂಡ್ತು? ಓದಕ್ಕೇ ಬರದೋರಿಗೆ ಪೇಪರ್ ಹೆಂಗ್ ಮುಟ್ತು?"

ಲಕ್ಷ್ಮೀಪತಿ ಹಾಳೆ ನೋಡಿದ. ಅದರಲ್ಲಿರಲಿಲ್ಲ. ಮೂವತ್ತು ವರ್ಷದಲ್ಲಿ ಯಾವ ಹುಡುಗನೂ ಇದನ್ನು ಕೇಳಿರಲಿಲ್ಲ. ಉತ್ತರ ಮಾತ್ರ ಅವನಿಗೆ ಗೊತ್ತಿತ್ತು. ಓದಿ ತಿಳಿದದ್ದೂ ಇತ್ತು, ಬೇರೆ ರೀತಿಯಲ್ಲಿ ತಿಳಿದದ್ದೂ ಇತ್ತು.

"ಒಬ್ರು ಓದೋರು, ಉಳಿದೋರು ಕೇಳೋರು," ಎಂದ ನಿಧಾನವಾಗಿ. "ಊರಿಗೊಂದು ಪೇಪರ್ ಬಂದ್ರೆ ಮೇಷ್ಟ್ರೋ ಶ್ಯಾನುಭೋಗರೋ ಜಗುಲೀಲಿ ಕೂತು ಗಟ್ಟಿಯಾಗಿ ಓದ್ತಿದ್ರು. ಹತ್ತು ಜನ ಕೇಳೋರು. ಅವರು ಮನೇಗೆ ಹೋಗಿ ಇನ್ನೊಬ್ರಿಗೆ ಹೇಳೋರು. ನನ್ನ ಹೆಂಡ್ತಿಗೆ ಕಣ್ಣು ಹೋಗಿತ್ತು. ದಿನಾ ನಾನೇ ಓದಿ ಹೇಳ್ತಿದ್ದೆ. ನಾನು ಬರೀ ಓದ್ತಿದ್ದೆ ಅಷ್ಟೆ. ಯೋಚ್ನೆ ಮಾಡ್ತಿದ್ದೋಳು ಅವಳು."

ಹೀಗೆ ಹೇಳಿದ್ದು ಅವನಿಗೇ ಹೊಸದಾಗಿತ್ತು. ರಂಗನಾಯಕಿಯ ಹೆಸರೆತ್ತಿ ಯಾರೊಂದಿಗಾದರೂ ಮಾತಾಡಿ ವರ್ಷಗಳಾಗಿದ್ದವು. ಅವನು ಹಾಳೆಯನ್ನು ಮಡಿಚಿ ಜೇಬಿಗಿಟ್ಟ.

"ಇನ್ನೊಂದು ವಿಷಯ ಗೈಡಲ್ಲಿ ಬರೆಯಲ್ಲ. ಗಂಡ ಸತ್ತೋಳು ಮತ್ತೆ ಮದುವೆ ಆಗ್ಬೋದು ಅಂತ ಒಬ್ಬ ಅಚ್ಚು ಹಾಕಿಸ್ದ ಅನ್ನಿ. ಆಗಕೂಡದು ಅನ್ನೋರು ಸುಮ್ನಿರ್ಲಿಲ್ಲ. ಅವರೂ ಪತ್ರಿಕೆ ತೆಗೆದ್ರು. ಅವರ ಹತ್ರಾನೂ ಅಚ್ಚಿನ ಮಿಷನ್ ಇತ್ತು. ಆದ್ರೆ ಬೈಯೋಕೆ ಮೊದ್ಲು, ಅವನು ಹಿಂಗಂದ ಅಂತ ಅವನ ಮಾತನ್ನೇ ಬರೀಬೇಕಲ್ಲ. ಆ ಮಾತು ಕೇಳದೆ ಇದ್ದೋರ ಕಿವಿಗೂ ಹಂಗೆ ಬಿತ್ತು."

ಅಂಜಿನಮ್ಮ ತಟಕ್ಕನೆ ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.

"ನಮ್ ಭಾವಾನೂ ಹಂಗೇ ಮಾಡುದ್ರು ಸಾ. ಪತ್ರಿಕೇಲಿ ರಂಡೆ ಹೆಸ್ರು ಹಾಕ್ಸವ್ಳೆ ಅಂತ ಊರೆಲ್ಲಾ ಬೈಕೊಂಡು ತಿರುಗಿದ್ರು. ಪತ್ರಿಕೆ ಮುಟ್ದೇ ಇರೋರೂ, ಎಲ್ಲಿ ಕೊಡಿ ನೋಡನ ಅಂತ ಇಸ್ಕೊಂಡು ನೋಡುದ್ರು."

ಲಕ್ಷ್ಮೀಪತಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಒಬ್ಬ ತಾಯಿ ಎಂದು ಉತ್ತರದಲ್ಲಿ ಬರೆದಿತ್ತು.

"ಆ ತಾಯಿ..."

"ನಾನೇಯ ಸಾ."

ಅವಳು ಜಗುಲಿಯ ಅಂಚಿನಲ್ಲಿ ಕೂತಳು. ಹೇಳತೊಡಗಿದಾಗ ಅವಳ ದನಿಯಲ್ಲಿ ದೂರು ಇರಲಿಲ್ಲ. ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ಕಡೂರಿನ ಚನ್ನಬಸಪ್ಪನವರ ಪ್ರೆಸ್ಸಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದಳು. ಪತ್ರಿಕೆ ಮಡಿಚುವುದು, ಕವರಿಗೆ ಹಾಕುವುದು, ಗಣಪತಿಯ ಚಿತ್ರ ಅಂಟಿಸುವುದು. ಅಕ್ಷರ ಚೆನ್ನಾಗಿ ಗೊತ್ತಿದ್ದುದರಿಂದ ಆಮೇಲೆ ಪ್ರೂಫು ನೋಡುವುದೂ ಅವಳ ಪಾಲಿಗೆ ಬಂತು. ಮಗಳು ಭುವನಾಳ ಮದುವೆಗೆ ಭಾವ, ಅಂದರೆ ಗಂಡನ ಅಣ್ಣ ಕರಿಸಿದ್ದಪ್ಪನವರೇ ಮುಂದೆ ನಿಂತರು. ಪತ್ರಿಕೆಗೆ ಬರೆದುಕೊಟ್ಟ ಚೀಟಿಯಲ್ಲಿ ಅವರ ಹೆಸರು, ಅವರ ಹೆಂಡತಿಯ ಹೆಸರು, ಮಕ್ಕಳ ಹೆಸರು, ತೀರಿಹೋದ ಗಂಡನ ಹೆಸರು, ಎಲ್ಲ ಇತ್ತು. ಹೆತ್ತವಳ ಹೆಸರಿರಲಿಲ್ಲ.

"ಅವ್ರ್ದೂ ತಪ್ಪೇನಿಲ್ಲ ಸಾ. ಎಲ್ರೂ ಹಂಗೇ ಹಾಕ್ಸೋದು. ಅಲ್ಲೀತನ್ಕ ನಾನೇ ಅಂಥ ಸಾವ್ರಾರು ಪತ್ರಿಕೆ ಮಡಿಚಿದ್ದೆ. ಏನೂ ಅನ್ನುಸ್ತಿರ್ಲಿಲ್ಲ. ಅವತ್ತು ಪ್ರೂಫು ನನ್ ಕೈಗೇ ಬಂತಲ್ಲ. ತಪ್ಪಿದ್ರೆ ತಿದ್ದಮ್ಮ ಅಂದ್ರು ಚನ್ನಬಸಪ್ನೋರು. ನೋಡ್ದೆ. ಒಂದು ಕೊಂಬು ಬಿಟ್ಟೋಗಿತ್ತು, ತಿದ್ದಿದೆ. ದೀರ್ಘ ಬಿಟ್ಟೋಗಿತ್ತು, ತಿದ್ದಿದೆ. ಆಮೇಲೆ ನಾನೂ ಬಿಟ್ಟೋಗಿದ್ದೆ. ಅದ್ನೂ ಸೇರುಸ್ದೆ."

ಲಕ್ಷ್ಮೀಪತಿ ತಲೆ ತಗ್ಗಿಸಿ ಕೇಳುತ್ತಿದ್ದ.

"ಪತ್ರಿಕೆ ಬಂದ್ ಮೇಲೆ ಮನೇಲಿ ಗಲಾಟೆ. ಮತ್ತೆ ಅಚ್ಚು ಹಾಕ್ಸಕ್ಕೆ ದಿನ ಇರ್ಲಿಲ್ಲ, ಅದೇ ಹಂಚುದ್ರು. ಬಣ್ಣ ಚೆನ್ನಾಗ್ ಬಂದೈತೆ ಅಂತ ಚನ್ನಬಸಪ್ನೋರು ಒಂದನ್ನ ಸ್ಯಾಂಪಲ್ ಫೈಲಿಗೆ ಅಂಟುಸುದ್ರು. ಅವ್ರು ಹೆಸ್ರು ನೋಡೇ ಇರ್ಲಿಲ್ಲ. ಬರೀ ಬಣ್ಣ. ಆರು ತಿಂಗ್ಳಾದ್ ಮೇಲೆ ಚೌಳಹಿರಿಯೂರು ಕಡೆಯೋರು ಬಂದು ಫೈಲ್ ತಿರುವಾಕ್ತಿದ್ರು. ಜೊತೇಲಿ ಒಬ್ಬ ಹೆಂಗ್ಸು, ನಮ್ಮಂಗೇ ಹಣೆ ಬರಿದು. ಏನೂ ಮಾತಾಡ್ಲಿಲ್ಲ ಸಾ ಆಯಮ್ಮ. ಬೆರ್ಳು ಇಕ್ಕುದ್ರು, ನನ್ ಹೆಸ್ರಿದ್ದ ಸಾಲಿನ್ ಮೇಲೆ. ಜೊತೇಗೆ ಬಂದಿದ್ದ ತಮ್ಮನ್ ಮುಖ ನೋಡುದ್ರು. ತಮ್ಮ ಚನ್ನಬಸಪ್ನೋರ್ನ ಕೇಳ್ದ, ಹಿಂಗೂ ಹಾಕ್ತಾರ ಅಂತ. ಹಾಕವ್ರಲ್ಲ ನೋಡಿ ಅಂದ್ರು. ಅಚ್ಚಾಗೈತಲ್ಲ ಸಾ. ಅಚ್ಚಾಗಿದ್ದುಕ್ಕೆ ಏನಂತಾರೆ? ನಾನು ಪ್ರೆಸ್ ಬಿಡೋ ಹೊತ್ತಿಗೆ ಆ ಥರ ಹನ್ನೊಂದು ಆಗಿದ್ವು. ಎಣಿಸ್ತಿದ್ದೆ. ಯಾರ್ಗೂ ಹೇಳಿರ್ಲಿಲ್ಲ. ಪರೀಕ್ಷೇಲಿ ನಿಮ್ಗೇ ಹೇಳಿದ್ದು, ಮೊದ್ಲು."

ಲಕ್ಷ್ಮೀಪತಿ ತಾನು ಬರೆಸುತ್ತಿದ್ದ ಉತ್ತರವನ್ನು ನೆನೆದ. ಒಂದು ಮಾತು ಒಬ್ಬರ ತಲೆಯಲ್ಲಿ ಇರುವವರೆಗೆ ಹುಚ್ಚು. ಅದು ಅಚ್ಚಾಗಿ ಅಪರಿಚಿತರ ಕೈಗೆ ಬಂದಾಗ, ನಾನೊಬ್ಬಳೇ ಅಲ್ಲ ಎಂದು ಆ ಅಪರಿಚಿತರಿಗೆ ಅನ್ನಿಸುತ್ತದೆ. ಗೈಡಿನ ಐದು ಅಂಶಗಳೂ ಸುತ್ತಿ ಬಳಸಿ ಹೇಳುವುದು ಇಷ್ಟನ್ನೇ. ಹತ್ತೊಂಬತ್ತನೆಯ ಶತಮಾನದ ಯಾವುದೋ ಊರಿನ ವಿಧವೆ ತನ್ನ ಹಾಗಿನವಳೊಬ್ಬಳು ಬರೆದ ಕಾಗದವನ್ನು ಪತ್ರಿಕೆಯಲ್ಲಿ ಕಂಡು ಹೀಗೇ ಬೆರಳಿಟ್ಟಿರಬೇಕು. ಅವನು ಅದನ್ನು ಮೂವತ್ತು ವರ್ಷ ಬರೆಸಿದ್ದ. ಕಣ್ಣಿನಿಂದ ಕಂಡವಳು ಬರೆದುಕೊಟ್ಟಾಗ ಗುರುತು ಹಿಡಿಯಲಿಲ್ಲ.

"ಪರೀಕ್ಷೆಗೆ ಕೂತ್ಕೊಳ್ಳಿ ಅಂಜಿನಮ್ಮ," ಎಂದ. "ನಿಮಗೆ ಆ ಪ್ರಶ್ನೆ ನನಗಿಂತ ಚೆನ್ನಾಗಿ ಗೊತ್ತು."

"ಬತ್ತೀನಿ ಸಾ. ಆದ್ರೆ ನೀವೊಂದ್ ಮಾಡ್ಬೇಕು." ಅವಳು ಎದ್ದು ಒಳಗೆ ಹೋಗಿ, ನಾಲ್ಕು ಮಡಿಕೆಯ ಆ ಹಾಳೆಯನ್ನು ತಂದು ಅವನ ಕೈಗಿಟ್ಟಳು. "ಆ ಹುಡುಗ್ರ ಮುಂದೆ ಓದುದ್ರಲ್ಲ, ಅವ್ರ ಮುಂದೇನೇ ಇನ್ನೊಂದ್ಸಲ ಓದಿ. ಕೊನೇತನ್ಕ. ನಾ ಆ ವಾರ ಇರಲ್ಲ. ಇದ್ರೆ ನನ್ ಮುಖ ನೋಡ್ತಾರೆ, ಕೇಳ್ಸ್ಕೊಳ್ಳಲ್ಲ."

ಅವನು ಹೂಂ ಎಂದ.

ಆ ಭಾನುವಾರ ಕಡೂರಿನ ಆ ಕೋಣೆಯಲ್ಲಿ ಲಕ್ಷ್ಮೀಪತಿ ಹಾಳೆ ಬಿಡಿಸಿದಾಗ, ಹುಡುಗರು ಅಭ್ಯಾಸದಂತೆ ನಗಲು ಸಿದ್ಧರಾದರು. ಅವನು ಮೊದಲ ಸಾಲಿನಿಂದ ಓದಿದ. ರಂಗನಾಯಕಿಗೆ ಓದುತ್ತಿದ್ದ ಹಾಗೆ, ಏನನ್ನೂ ಬಿಡದೆ ಓದಿದ. ಕಳೆದ ಸಲ ನಗುವಿನಲ್ಲಿ ಮುಚ್ಚಿಹೋಗಿದ್ದ ಕೊನೆಯ ಸಾಲುಗಳು ಹೀಗಿದ್ದವು: "ಇದರಿಂದ ಆ ತಾಯಿಗೆ ಏನೂ ಲಾಭವಾಗಲಿಲ್ಲ. ಮದುವೆಯಲ್ಲಿ ಅವಳನ್ನು ಧಾರೆಯ ಹತ್ತಿರ ಬಿಡಲಿಲ್ಲ. ಆದರೆ ನೋಡಿದವರು ನೋಡಿದರು."

ಯಾರೂ ನಗಲಿಲ್ಲ. ಹಾಲೇಶ ಬೆಂಚಿನ ಮೇಲೆ ಉಗುರಿನಿಂದ ಗೀಚುತ್ತಿದ್ದ.

"ಇದಕ್ಕೆ ನಾನು ಸೊನ್ನೆ ಕೊಟ್ಟಿದ್ದೆ," ಎಂದ ಲಕ್ಷ್ಮೀಪತಿ. "ಅದಕ್ಕಿಂತ ದೊಡ್ಡ ತಪ್ಪು, ನಿಮ್ಮನ್ನ ನಗಿಸೋಕೆ ಓದಿದ್ದು."

ಹಾಲೇಶ ತಲೆ ಎತ್ತಿ ಕೇಳಿದ. "ಸಾ, ಹಂಗಾದ್ರೆ ಬೋರ್ಡ್ ಪರೀಕ್ಷೇಲಿ ಹಿಂಗ್ ಬರುದ್ರೆ ಎಷ್ಟ್ ಕೊಡ್ತಾರೆ?"

"ಸೊನ್ನೆ."

"ಅದ್ಯಾಕ್ಸಾ, ಸರಿ ಐತಲ್ಲ?"

"ಸರಿ ಇದೆ ಕಣಪ್ಪ. ಆದ್ರೆ ಕೇಳಿದ್ದು ಪೇಪರ್ ವಿಷಯ. ತಿದ್ದೋರ ಮುಂದೆ ಅಂಶಗಳ ಪಟ್ಟಿ ಇರುತ್ತೆ. ಅದರಲ್ಲಿ ಇದಿರಲ್ಲ. ಇವತ್ತು ಮೊದ್ಲು ಇದನ್ನ ಬರ್ಕೊಳ್ಳಿ: ಪತ್ರಿಕೆ ಅಂದ್ರೆ ಪೇಪರ್." ಅವನು ಬೋರ್ಡಿನ ಮೇಲೆ ಬರೆದ. ಎಲ್ಲರೂ ಬರೆದುಕೊಂಡರು. ಇನ್ನೂ ನಾಲ್ಕು ಜನ ಹುಡುಗರು, ನಮ್ಗೂ ಗೊತ್ತಿರ್ಲಿಲ್ಲ ಸಾ ಎಂದು ಆಮೇಲೆ ಬಂದು ಹೇಳಿದರು. ಅವರು ಆ ಪ್ರಶ್ನೆಯನ್ನೇ ಬಿಟ್ಟಿದ್ದರು.

ಮುಂದಿನ ಭಾನುವಾರ ಅಂಜಿನಮ್ಮ ಬಂದಳು, ಕೊನೆಯ ಬೆಂಚಿನಲ್ಲಿ ಕೂತಳು. ಓದಿದಿರಾ ಎಂದು ಕೇಳಲಿಲ್ಲ. ಹಾಲೇಶ ಜರುಗಿ ಜಾಗ ಬಿಟ್ಟ, ಅಷ್ಟರಿಂದಲೇ ತಿಳಿದುಕೊಂಡಿರಬೇಕು. ಲಕ್ಷ್ಮೀಪತಿ ಅಂದು ಜೋಕು ಹಾರಿಸಲಿಲ್ಲ. ಕನ್ನಡದ ಮೊದಲ ಪತ್ರಿಕೆ ೧೮೪೩ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಬಂದದ್ದು, ಕಲ್ಲಿನ ಮೇಲೆ ಬರೆದು ಅದರಿಂದ ಕಾಗದಕ್ಕೆ ಇಳಿಸುತ್ತಿದ್ದುದು, ಮೈಸೂರು ಸಂಸ್ಥಾನ ೧೮೯೪ರಲ್ಲಿ ಎಳೆಯ ಮಕ್ಕಳ ಮದುವೆ ತಡೆಯುವ ಕಾನೂನು ತಂದದ್ದು, ಅಂಥ ಕಾನೂನು ಬರುವ ಮೊದಲು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಪರ ವಿರೋಧ ನಡೆಯುತ್ತಿದ್ದುದು, ಎಲ್ಲ ಹೇಳಿದ. ಹುಡುಗರಿಗೆ ಸ್ವಲ್ಪ ಬೇಜಾರಾಯಿತು. ಮೊದಲಿನ ಸರ್ ಚೆನ್ನಾಗಿದ್ದರು ಎಂದು ಒಬ್ಬ ಹೊರಗೆ ಹೋಗುವಾಗ ಅಂದದ್ದು ಅವನ ಕಿವಿಗೂ ಬಿತ್ತು.

ಇತಿಹಾಸದ ಪರೀಕ್ಷೆಯ ದಿನ ಆ ವಿಷಯದ ಉಪನ್ಯಾಸಕರನ್ನು ಕೊಠಡಿಯ ಮೇಲ್ವಿಚಾರಣೆಗೆ ಹಾಕುವುದಿಲ್ಲ. ಲಕ್ಷ್ಮೀಪತಿಗೆ ಕೆಲಸವಿರಲಿಲ್ಲ. ಮನೆಯಲ್ಲಿರಲು ಆಗದೆ ಕಡೂರಿಗೆ ಬಂದು, ಪರೀಕ್ಷಾ ಕೇಂದ್ರದ ಎದುರಿನ ಹೋಟೆಲಿನಲ್ಲಿ ಕೂತ. ಮೂರು ಕಾಫಿ ಕುಡಿದ. ಮೇಜಿನ ಮೇಲೆ ಅಂದಿನ ಪೇಪರ್ ಬಿದ್ದಿತ್ತು. ನಾಲ್ಕು ವರ್ಷದ ನಂತರ ಪೇಪರೊಂದನ್ನು ಕೈಗೆ ತೆಗೆದುಕೊಂಡು ಮೊದಲ ಪುಟದ ಮೊದಲ ಸುದ್ದಿ ಓದಿದ. ಎರಡನೆಯದಕ್ಕೆ ಬರುವಷ್ಟರಲ್ಲಿ ತುಟಿ ಅಲುಗಾಡುತ್ತಿದ್ದುದು ತಿಳಿದು, ಮಡಿಚಿ ಇಟ್ಟ.

ಗಂಟೆ ಬಾರಿಸಿದ ಮೇಲೆ ಹುಡುಗರು ಗದ್ದಲ ಮಾಡುತ್ತ ಹೊರಬಂದರು. ಎಲ್ಲರಿಗಿಂತ ಹಿಂದೆ ಅಂಜಿನಮ್ಮ ಬಂದಳು. ಹೆಬ್ಬೆರಳಿಗೆ ಶಾಯಿ ಹತ್ತಿತ್ತು.

"ಹೆಂಗಾಯ್ತಮ್ಮ?"

"ಬಂದಿತ್ತು ಸಾ, ಅದೇ. ಮಾತು ತಿರುಗ್ಸಿ ಕೇಳಿದ್ರು. ಸುಧಾರಣೆಗೆ ವೃತ್ತಪತ್ರಿಕೆಗಳು ಏನು ಮಾಡಿದ್ವು ಅಂತ. ವೃತ್ತಪತ್ರಿಕೆ ಅಂತಾನೇ ಹಾಕಿದ್ರು, ಪುಣ್ಯಾತ್ಮರು."

ಇಬ್ಬರೂ ನಕ್ಕರು.

"ಎಲ್ಲಾ ಬರೆದ್ರಾ?"

"ಅಗ್ಗ ಆಗಿದ್ದು ಬರುದೆ. ದೇಶಭಾಷೆ ಬರುದೆ. ಒಬ್ರು ಓದಿ ಹತ್ತು ಜನ ಕೇಳೋದು ಬರುದೆ. ಬೈಯೋರೂ ಅಚ್ಚು ಹಾಕ್ಸಿದ್ದು ಬರುದೆ. ಎಪ್ಪತ್ತೆಂಟ್ನೇ ಇಸ್ವಿ ಕಾಯ್ದೆ ಬರುದೆ. ಇಪ್ಪತ್ತು ವಾಕ್ಯ ಆತು."

ಲಕ್ಷ್ಮೀಪತಿ ಕೇಳಬಾರದೆಂದುಕೊಂಡಿದ್ದ, ಆದರೂ ಕೇಳಿದ. "ಕೊನೇಗೆ ನಿಮ್ಮದೂ ಒಂದು ಸಾಲು ಹಾಕಿದ್ರಾ? ಉದಾಹರಣೆ ಅಂತ?"

ಅಂಜಿನಮ್ಮ ಅವನ ಮುಖ ನೋಡಿದಳು.

"ಇಲ್ಲ ಸಾ. ಅವ್ರಿಗ್ಯಾಕೆ ಅದು? ಅವ್ರು ಎಲ್ಲೋ ಕೂತು ಕೆಂಪು ಪೆನ್ ಹಿಡ್ದಿರ್ತಾರೆ. ಅವ್ರ್ ಮುಂದೆ ಪಟ್ಟಿ ಇರುತ್ತೆ ಅಂತ ನೀವೇ ಹೇಳಿದ್ದಂತಲ್ಲ, ಹಾಲೇಶ ಅಂದ. ಒಂದ್ಸಲ ಬರ್ದು ಸಾಕಾಗೈತೆ."

ಅವಳು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಮಳೆ ಬಂದರೆ ಒಳಗೆ ಹೋಗಬೇಕು ಎನ್ನುವಷ್ಟು ಸಹಜವಾಗಿ ಹೇಳಿದಳು. ಯಗಟಿಯ ಬಸ್ಸು ಬಂದಿತ್ತು. "ಬತ್ತೀನಿ ಸಾ, ಹೊತ್ತಿಗ್ ಸರಿಯಾಗಿ ಊಟ ಮಾಡಿ, ಇಳ್ದೋಗಿದ್ದೀರಿ," ಎಂದು ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಗಲಿಲ್ಲ, ಜನರ ನಡುವೆ ಕಂಬಿ ಹಿಡಿದು ನಿಂತದ್ದಷ್ಟೇ ಕಂಡಿತು.

ಅವಳು ಪಾಸಾದಳು. ಇತಿಹಾಸದಲ್ಲಿ ಐವತ್ತೆರಡು. ಫಲಿತಾಂಶ ಬಂದ ದಿನ ಲಕ್ಷ್ಮೀಪತಿಗೆ ಫೋನು ಮಾಡಿದಳಂತೆ. ಬೇರೆ ಯಾರೋ ಎತ್ತಿ, ಅವನು ತೀರಿಕೊಂಡ ವಿಷಯ ಹೇಳಿದರು.

ಅದಕ್ಕೆ ಮೂರು ವಾರ ಮೊದಲು, ಆ ಪರೀಕ್ಷೆಯ ದಿನ, ಬಸ್ಸು ತಿರುವು ದಾಟಿದ ಮೇಲೂ ಅವನು ರಸ್ತೆಯ ಅಂಚಿನಲ್ಲೇ ನಿಂತಿದ್ದ. ಅವಳು ಗೆದ್ದಿದ್ದಳು, ಅದು ಅವನಿಗೆ ಗೊತ್ತಿತ್ತು. ಜಗತ್ತಿನಲ್ಲಿ ಒಬ್ಬನಿಗೆಂದು ನಂಬಿ ಬರೆದುಕೊಟ್ಟದ್ದನ್ನು ಆ ಒಬ್ಬ ಹೇಗೆ ಓದಿದನೋ ಅದರಿಂದ ಅವಳು ತನ್ನದನ್ನು ಇನ್ನು ಬರೆಯಬಾರದೆಂಬ ಪಾಠ ಕಲಿತಿದ್ದಳು, ಅದೂ ಅವನೇ ಕಲಿಸಿದ್ದು. ಹೋಟೆಲಿನವನು ಒಳಗಿಂದ, "ಸಾರ್, ಇನ್ನೊಂದ್ ಕಾಫಿ ಕೊಡ್ಲಾ?" ಎಂದು ಕೂಗಿದ. ಬೇಡ ಎಂದು ಕೈ ಆಡಿಸಿ, ಬೀರೂರಿನ ಬಸ್ಸು ನಿಲ್ಲುವ ಕಡೆಗೆ ನಡೆದ.